ಅರವತ್ತು ಲಕ್ಷದಲ್ಲಿ ಯಾವುದು ಮೊದಲು?

ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ಕಾಲುವೆ ನೀರು ಹರಿದಲ್ಲೆಲ್ಲ ಭತ್ತ, ಭತ್ತ ಬೆಳೆದಲ್ಲೆಲ್ಲ ರೈಸ್ ಮಿಲ್ಲು. ಅಂಥದೊಂದು ಮಧ್ಯಮ ಗಾತ್ರದ ಮಿಲ್ಲನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಮಾಲೀಕರ ಕೈಯಲ್ಲಿರುವ ಹಣ, ಬ್ಯಾಂಕ್ ಕೊಡಲು ಒಪ್ಪಿದ ಸಾಲ ಎರಡೂ ಸೇರಿ ಈ ವರ್ಷ ಹೂಡಲು ಸಿಗುವುದು 60 ಲಕ್ಷ ರೂಪಾಯಿ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ. ಮಿಲ್ಲಿಗೆ ಬೇಕಾದದ್ದು ಮಾತ್ರ ನಾಲ್ಕು, ನಾಲ್ಕೂ ಸೇರಿದರೆ ಒಂದು ಕೋಟಿ.

ಮೊದಲನೆಯದು ಬೇರೆ ಮಿಲ್ಲಿನವರು ಮಾರುತ್ತಿರುವ ಹಳೆಯ ಕಲರ್ ಸಾರ್ಟರ್. ಅಕ್ಕಿಯಲ್ಲಿ ಸೇರಿಕೊಂಡ ಕಪ್ಪು, ಹಳದಿ ಕಾಳುಗಳನ್ನು ಕ್ಯಾಮೆರಾ ಕಣ್ಣಿನಿಂದ ಗುರುತಿಸಿ ಗಾಳಿಯಿಂದ ಊದಿ ಹೊರಹಾಕುವ ಯಂತ್ರ ಅದು. ಬೆಲೆ 10 ಲಕ್ಷ, ಇನ್ನು ಮೂರು ವರ್ಷ ಬಾಳಿಕೆ ಬಂದರೆ ಹೆಚ್ಚು, ಅಷ್ಟು ದಿನ ವರ್ಷಕ್ಕೆ 4 ಲಕ್ಷ ಉಳಿಸುತ್ತದೆ. ಎರಡನೆಯದು ಹಸಿ ಭತ್ತ ಒಣಗಿಸುವ ಡ್ರೈಯರ್: 30 ಲಕ್ಷ, ಎಂಟು ವರ್ಷ, ವರ್ಷಕ್ಕೆ 9 ಲಕ್ಷ. ಮೂರನೆಯದು 20 ಲಕ್ಷದ ವೇಬ್ರಿಡ್ಜ್. ಸ್ವಂತ ಲಾರಿ ತೂಗುವ ಖರ್ಚು ಉಳಿದು, ಹೊರಗಿನವರ ತೂಕದಿಂದಲೂ ಆದಾಯ ಬಂದು ಹತ್ತು ವರ್ಷ ತಲಾ 5 ಲಕ್ಷ. ನಾಲ್ಕನೆಯದು ಗೋದಾಮಿನ ಚಾವಣಿಯ ಮೇಲೆ 100 ಕಿಲೋವ್ಯಾಟ್ ಸೋಲಾರ್: 40 ಲಕ್ಷ, ಇಪ್ಪತ್ತು ವರ್ಷ, ವಿದ್ಯುತ್ ಬಿಲ್ಲಿನಲ್ಲಿ ವರ್ಷಕ್ಕೆ ಏಳೂವರೆ ಲಕ್ಷ ಉಳಿತಾಯ. ಈ ಆದಾಯಗಳೆಲ್ಲ ನಡೆಸುವ ಖರ್ಚು ಕಳೆದು ಕೈಗೆ ಬರುವ ನಗದು. ಸವಕಳಿ ಕೈಯಿಂದ ಹೋಗುವ ಹಣವಲ್ಲ, ಅದನ್ನು ಕಳೆದಿಲ್ಲ. ತೆರಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.

ಇಂಥ ಪಟ್ಟಿ ಮುಂದಿಟ್ಟರೆ ಆ ಸೀಮೆಯ ಸಾಹುಕಾರರು ಕೇಳುವ ಮೊದಲ ಪ್ರಶ್ನೆ: "ಹಾಕಿದ ರೊಕ್ಕ ಯಾವಾಗ ವಾಪಸ್ ಬರ್ತೈತ್ರಿ?" ಅದೇ ಪೇಬ್ಯಾಕ್. ಹೂಡಿದ ಮೊತ್ತವನ್ನು ವರ್ಷದ ಆದಾಯದಿಂದ ಭಾಗಿಸಿದರೆ ಮುಗಿಯಿತು. ಸಾರ್ಟರ್ ಎರಡೂವರೆ ವರ್ಷ, ಡ್ರೈಯರ್ ಮೂರು ವರ್ಷ ನಾಲ್ಕು ತಿಂಗಳು, ವೇಬ್ರಿಡ್ಜ್ ನಾಲ್ಕು ವರ್ಷ, ಸೋಲಾರ್ ಐದು ವರ್ಷ ನಾಲ್ಕು ತಿಂಗಳು. ಬೇಗ ಬರುವುದನ್ನು ಮೊದಲು ಆರಿಸುತ್ತಾ ಹೋದರೆ ಸಾರ್ಟರ್, ಡ್ರೈಯರ್, ವೇಬ್ರಿಡ್ಜ್ ಮೂರೂ ಸೇರಿ ಸರಿಯಾಗಿ 60 ಲಕ್ಷ. ಹಣ ಪೂರ್ತಿ ಬಳಕೆಯಾಯಿತು, ಸೋಲಾರ್ ಹೊರಗುಳಿಯಿತು. ನೋಡಲು ಅಚ್ಚುಕಟ್ಟಾದ ಆಯ್ಕೆ.

ಈ ಲೆಕ್ಕವನ್ನು ಹಳ್ಳಿಯ ಲೆಕ್ಕವೆಂದು ಕಡೆಗಣಿಸುವಂತಿಲ್ಲ. ಜಾನ್ ಗ್ರಹಾಂ ಮತ್ತು ಕ್ಯಾಂಪ್‌ಬೆಲ್ ಹಾರ್ವೆ ಎಂಬ ಪ್ರಾಧ್ಯಾಪಕರು ಅಮೆರಿಕದ 392 ಹಣಕಾಸು ಮುಖ್ಯಸ್ಥರನ್ನು ಕೇಳಿ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೇಬ್ಯಾಕನ್ನು ಯಾವಾಗಲೂ ಅಥವಾ ಬಹುತೇಕ ಯಾವಾಗಲೂ ಬಳಸುತ್ತೇವೆ ಎಂದಿದ್ದರು. ಸಾಲದ ಕಂತು ಕಟ್ಟುವವನಿಗೆ ಹಣ ಬೇಗ ಕೈಸೇರುವುದು ನಿಜವಾಗಿಯೂ ಮುಖ್ಯ. ಹತ್ತನೇ ವರ್ಷದ ಆದಾಯಕ್ಕಿಂತ ಎರಡನೇ ವರ್ಷದ ಆದಾಯವನ್ನು ಹೆಚ್ಚು ನಂಬಬಹುದು ಎಂಬುದೂ ನಿಜ. ಆದರೆ ಪೇಬ್ಯಾಕ್ ಎರಡು ವಿಷಯಗಳನ್ನು ನೋಡುವುದೇ ಇಲ್ಲ: ಬಡ್ಡಿ, ಮತ್ತು ಬಂಡವಾಳ ವಾಪಸ್ ಬಂದ ಮೇಲಿನ ಆದಾಯ.

ಬಡ್ಡಿಯನ್ನು ಸೇರಿಸಿ ನೋಡೋಣ. ಬ್ಯಾಂಕಿನ ಬಡ್ಡಿ, ಸ್ವಂತ ಹಣದ ಮೇಲೆ ಮಾಲೀಕರು ಬಯಸುವ ಪ್ರತಿಫಲ ಎರಡನ್ನೂ ಸೇರಿಸಿ ವರ್ಷಕ್ಕೆ ಶೇ. 12 ಎಂದುಕೊಳ್ಳಿ. ಇವತ್ತಿನ 100 ರೂಪಾಯಿ ವರ್ಷ ಕಳೆದ ಮೇಲೆ 112 ಆಗಬೇಕು. ಅಂದರೆ ಮುಂದಿನ ವರ್ಷ ಬರುವ 112 ರೂಪಾಯಿಯ ಈಗಿನ ಬೆಲೆ 100 ಅಷ್ಟೇ. ಸಾರ್ಟರ್ ಮೊದಲ ವರ್ಷದ ಕೊನೆಗೆ ಕೊಡುವ 4 ಲಕ್ಷವನ್ನು 1.12ರಿಂದ ಭಾಗಿಸಿದರೆ ಈಗಿನ ಬೆಲೆ 3,57,000. ಎರಡನೇ ವರ್ಷದ 4 ಲಕ್ಷವನ್ನು ಎರಡು ಸಲ ಭಾಗಿಸಬೇಕು, 3,19,000. ಮೂರನೆಯದು 2,85,000. ಮೂರನ್ನೂ ಕೂಡಿಸಿ: 9,61,000. ಹಾಕಿದ್ದು 10 ಲಕ್ಷ. ಪೇಬ್ಯಾಕ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಯಂತ್ರ ಬಡ್ಡಿ ಸೇರಿಸಿದರೆ ತನ್ನ ಬಂಡವಾಳವನ್ನು ಎಂದೂ ತೀರಿಸುವುದಿಲ್ಲ. 10 ಲಕ್ಷಕ್ಕೆ 12 ಲಕ್ಷ ಬಂತಲ್ಲ ಎಂದು ಕಾಣುವುದು ಲಾಭವಲ್ಲ, 39,000 ರೂಪಾಯಿ ನಷ್ಟ.

ಹೀಗೆ ಈಗಿನ ಬೆಲೆಗೆ ಇಳಿಸಿದ ಆದಾಯದಿಂದ ಬಂಡವಾಳ ತೀರಲು ಬೇಕಾಗುವ ಕಾಲವೇ ಡಿಸ್ಕೌಂಟೆಡ್ ಪೇಬ್ಯಾಕ್. ಈ ಲೆಕ್ಕದಲ್ಲಿ ಡ್ರೈಯರಿಗೆ ನಾಲ್ಕೂವರೆ ವರ್ಷ, ವೇಬ್ರಿಡ್ಜಿಗೆ ಆರು ವರ್ಷಕ್ಕೆ ಕೊಂಚ ಕಡಿಮೆ, ಸೋಲಾರಿಗೆ ಒಂಬತ್ತು ವರ್ಷ. ಇದರ ದೊಡ್ಡ ಉಪಯೋಗ ಈಗಷ್ಟೇ ಕಂಡದ್ದು: ಯಾವುದು ಬಡ್ಡಿಯನ್ನೇ ದುಡಿಯುವುದಿಲ್ಲವೋ ಅದನ್ನು ಹಿಡಿದು ತೋರಿಸುತ್ತದೆ. ಆದರೆ ಪೇಬ್ಯಾಕಿನ ಎರಡನೆಯ ಕುರುಡು ಇಲ್ಲೂ ಹಾಗೇ ಉಳಿದಿದೆ. ಡ್ರೈಯರ್ ಬಂಡವಾಳ ತೀರಿಸಿದ ಮೇಲೆ ಮೂರೂವರೆ ವರ್ಷ ಮಾತ್ರ ದುಡಿಯುತ್ತದೆ, ಸೋಲಾರ್ ಹನ್ನೊಂದು ವರ್ಷ ದುಡಿಯುತ್ತದೆ. ಅಷ್ಟೂ ವರ್ಷಗಳ ಆದಾಯ ಈ ಪಟ್ಟಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಪೂರ್ತಿ ಆಯುಷ್ಯದ ಆದಾಯವನ್ನು ಈಗಿನ ಬೆಲೆಗೆ ಇಳಿಸಿ, ಹೂಡಿಕೆ ಕಳೆದು ಉಳಿಯುವುದನ್ನು ನೋಡಬೇಕು. ಅದು ನಿವ್ವಳ ಪ್ರಸಕ್ತ ಮೌಲ್ಯ. ಡ್ರೈಯರಿನಿಂದ 14.71 ಲಕ್ಷ, ವೇಬ್ರಿಡ್ಜಿನಿಂದ 8.25 ಲಕ್ಷ, ಸೋಲಾರಿನಿಂದ 16.02 ಲಕ್ಷ. ಹಣಕ್ಕೆ ಮಿತಿಯಿಲ್ಲದಿದ್ದರೆ ಮೂರನ್ನೂ ಮಾಡಿಬಿಡಬಹುದಿತ್ತು. ಮಿತಿ ಇದ್ದಾಗ ಪ್ರಶ್ನೆ ಬದಲಾಗುತ್ತದೆ: ಹೂಡಿದ ಒಂದೊಂದು ರೂಪಾಯಿಗೆ ಎಷ್ಟು? ಷಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ, ಲಿಯೊನಾರ್ಡ್ ಸ್ಯಾವೇಜ್ 1955ರಲ್ಲಿ ಬರೆದ ಪ್ರಸಿದ್ಧ ಲೇಖನ ಈ ಬಂಡವಾಳ ಪಡಿತರದ ಸಮಸ್ಯೆಯನ್ನೇ ಕುರಿತದ್ದು. ಆದಾಯದ ಈಗಿನ ಬೆಲೆಯನ್ನು ಹೂಡಿಕೆಯಿಂದ ಭಾಗಿಸಿದರೆ ಸಿಗುವುದು ಲಾಭದಾಯಕತೆಯ ಸೂಚ್ಯಂಕ. ಒಂದಕ್ಕಿಂತ ಕಡಿಮೆಯಾದರೆ ನಷ್ಟ. ಡ್ರೈಯರ್ 1.49, ವೇಬ್ರಿಡ್ಜ್ 1.41, ಸೋಲಾರ್ 1.40, ಸಾರ್ಟರ್ 0.96.

ಈ ಪಟ್ಟಿಯ ಮೇಲಿನಿಂದ ಆರಿಸಿದರೆ ಡ್ರೈಯರ್, ವೇಬ್ರಿಡ್ಜ್, 50 ಲಕ್ಷ ಖರ್ಚು. ಉಳಿದ 10 ಲಕ್ಷದಲ್ಲಿ 40 ಲಕ್ಷದ ಸೋಲಾರ್ ಹಿಡಿಯುವುದಿಲ್ಲ, ಸಾರ್ಟರ್ ನಷ್ಟದ ಬಾಬ್ತು. ಒಟ್ಟು ಗಳಿಕೆ 22.96 ಲಕ್ಷ. ಪೇಬ್ಯಾಕ್ ಆರಿಸಿದ ಮೂರಕ್ಕೆ ಸಿಗುತ್ತಿದ್ದದ್ದು 22.57 ಲಕ್ಷ. ಅಂದರೆ 10 ಲಕ್ಷ ಕಡಿಮೆ ಹೂಡಿ ಹೆಚ್ಚು ಪಡೆದಂತಾಯಿತು.

ಇಲ್ಲಿಗೆ ನಿಲ್ಲಿಸುವವರೇ ಬಹಳ. ನಿಲ್ಲಿಸಬಾರದು. 60 ಲಕ್ಷದೊಳಗೆ ಹಿಡಿಯುವ ಎಲ್ಲ ಜೋಡಿಗಳನ್ನೂ ಬರೆದು ನೋಡಿ, ನಾಲ್ಕೇ ಯೋಜನೆಗಳಾದ್ದರಿಂದ ಒಂದು ಹಾಳೆ ಸಾಕು. ವೇಬ್ರಿಡ್ಜ್ ಮತ್ತು ಸೋಲಾರ್ ಸೇರಿದರೆ ಸರಿಯಾಗಿ 60 ಲಕ್ಷ, ಗಳಿಕೆ 24.27 ಲಕ್ಷ. ಸೂಚ್ಯಂಕದಲ್ಲಿ ಮೊದಲು ಬಂದ ಡ್ರೈಯರನ್ನೇ ಕೈಬಿಟ್ಟ ಜೋಡಿ ಎಲ್ಲಕ್ಕಿಂತ ಮುಂದೆ! ಕಾರಣ ಸರಳ. ಯಾವುದೇ ಯೋಜನೆಯನ್ನು ಎಷ್ಟು ಬೇಕೋ ಅಷ್ಟೇ ತುಂಡು ಮಾಡಿ ಕೊಳ್ಳಬಹುದು ಎಂದಾಗ ಮಾತ್ರ ಸೂಚ್ಯಂಕದ ಸಾಲು ಖಂಡಿತವಾಗಿ ಸರಿ. ಅರ್ಧ ಡ್ರೈಯರ್, ಕಾಲು ವೇಬ್ರಿಡ್ಜ್ ಕೊಳ್ಳಲಾಗುವುದಿಲ್ಲ. ಆಗ ಕೆಳಗೆ ಉಳಿದುಹೋಗುವ ಹಣ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಆ 10 ಲಕ್ಷದಿಂದ ಶೇ. 12ರ ಸಾಲ ತೀರಿಸಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಚಾಲ್ತಿ ಖಾತೆಯಲ್ಲಿ ಮಲಗಿದರೆ ನಷ್ಟವೇ.

ಆದರೂ ನಾನು 24.27ರ ಜೋಡಿಗೆ ಕಣ್ಣುಮುಚ್ಚಿ ಸಹಿ ಹಾಕಲಾರೆ. ಅದರ ಮುನ್ನಡೆ 1.31 ಲಕ್ಷ ಮಾತ್ರ, ಮತ್ತು ಆ ಮುನ್ನಡೆ ನಿಂತಿರುವುದು ಸೋಲಾರ್ ಇಪ್ಪತ್ತು ವರ್ಷ ಬಿಡದೆ ಏಳೂವರೆ ಲಕ್ಷ ಉಳಿಸುತ್ತದೆ ಎಂಬ ಊಹೆಯ ಮೇಲೆ. ಆ ಉಳಿತಾಯ ವರ್ಷಕ್ಕೆ 7.5 ಲಕ್ಷದಿಂದ 7.3 ಲಕ್ಷಕ್ಕೆ ಇಳಿದರೆ ಸಾಕು, ಸೋಲಾರ್ ಜೋಡಿಯ ಗಳಿಕೆ 22.78 ಲಕ್ಷವಾಗಿ ಡ್ರೈಯರ್ ಜೋಡಿಯ ಹಿಂದೆ ಬೀಳುತ್ತದೆ. ಪ್ಯಾನೆಲ್ಲಿನ ಉತ್ಪಾದನೆ ವರ್ಷವರ್ಷಕ್ಕೆ ಸ್ವಲ್ಪ ಸ್ವಲ್ಪ ಕುಗ್ಗುವುದು ಸಹಜ. ಇಪ್ಪತ್ತು ವರ್ಷದಲ್ಲಿ ಇನ್ವರ್ಟರನ್ನು ಒಮ್ಮೆಯಾದರೂ ಬದಲಿಸಬೇಕಾದೀತು. ಮಿಲ್ಲಿನ ಹೊಟ್ಟು, ದೂಳು ಪ್ಯಾನೆಲ್ ಮೇಲೆ ಕೂತರೆ ಇಳುವರಿ ಇನ್ನೂ ಕಡಿಮೆ. ವಿದ್ಯುತ್ ದರ ಏರಿದರೆ ಉಳಿತಾಯವೂ ಏರುತ್ತದೆ ಎಂಬುದು ಎದುರಿನ ವಾದ, ಅದೂ ಸರಿಯೇ. ಎರಡನ್ನೂ ಲೆಕ್ಕದಲ್ಲಿ ಬರೆದು ನೋಡಬೇಕು.

ಡ್ರೈಯರಿನ ಅಂಕಿಯನ್ನೂ ಹಾಗೇ ಕೆದಕಬೇಕು. ಕೊಯ್ಲಿನ ಹೊತ್ತಿಗೆ ಹಸಿಯಾಗಿರುವ ಭತ್ತವನ್ನು ಶೇ. 14ರ ಆಸುಪಾಸಿನ ತೇವಾಂಶಕ್ಕೆ ಇಳಿಸಿದರೆ ಅಕ್ಕಿ ಒಡೆಯುವುದು ಕಡಿಮೆ, ದಾಸ್ತಾನು ಕೆಡುವುದಿಲ್ಲ. ಮಳೆ ಬಂದ ವರ್ಷ ಕಣದಲ್ಲಿ ಒಣಗಿಸಲಾಗದ ಭತ್ತ ಕಡಿಮೆ ದರಕ್ಕೆ ಸಿಗುತ್ತದೆ, ಆ ವರ್ಷ 9 ಲಕ್ಷಕ್ಕಿಂತ ಹೆಚ್ಚೇ ಬಂದೀತು. ಬಿಸಿಲು ಚೆನ್ನಾಗಿರುವ ವರ್ಷ ಡ್ರೈಯರ್ ಅರ್ಧ ದಿನ ನಿಂತಿರುತ್ತದೆ. ಇನ್ನೊಂದು ವಿಷಯ ಕೊಟೇಶನ್ನಿನಲ್ಲಿ ಇರುವುದೇ ಇಲ್ಲ: ಹೆಚ್ಚು ಹಸಿ ಭತ್ತ ಕೊಳ್ಳಲು ಹೆಚ್ಚು ದುಡಿಯುವ ಬಂಡವಾಳ ಬೇಕು. ಅದು ಇದೇ 60 ಲಕ್ಷದಿಂದ ಹೋಗುವುದಾದರೆ ಡ್ರೈಯರಿನ ಹೂಡಿಕೆ 30 ಲಕ್ಷವಲ್ಲ, ಅದಕ್ಕಿಂತ ಹೆಚ್ಚು, ಮತ್ತು 1.49 ಎಂಬ ಸೂಚ್ಯಂಕ ಕೆಳಗಿಳಿಯುತ್ತದೆ. ಭಾಗಿಸುವ ಕೆಳಗಿನ ಅಂಕಿಯಲ್ಲಿ ಈ ಮಿತಿಯ ಹಣದಿಂದ ಹೋಗುವ ಎಲ್ಲವೂ ಇರಬೇಕು. ಕಳೆದ ವರ್ಷವೇ ಹಾಕಿ ಮುಗಿಸಿದ ಅಡಿಪಾಯದ ಖರ್ಚು ಮಾತ್ರ ಇರಬಾರದು, ಅದು ಇನ್ನು ಯಾವ ನಿರ್ಧಾರದಿಂದಲೂ ವಾಪಸ್ ಬರುವುದಿಲ್ಲ.

ಇಷ್ಟು ಪರೀಕ್ಷಿಸಿದ ಮೇಲೂ ಅಂಕಿಗಳು ನಿಂತವೆನ್ನಿ. ಆಗ ಸೋಲಾರ್ ಕಂಪನಿಯವರನ್ನು ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ. ಡ್ರೈಯರನ್ನು ತುಂಡು ಮಾಡಲಾಗದು, ಸೋಲಾರನ್ನು ಮಾಡಬಹುದು. ಉಳಿದ 10 ಲಕ್ಷಕ್ಕೆ 25 ಕಿಲೋವ್ಯಾಟ್ ಹಾಕಿಸಿದರೆ ಅದರ ಪಾಲಿನ ಗಳಿಕೆ 4 ಲಕ್ಷ, ಡ್ರೈಯರ್ ಮತ್ತು ವೇಬ್ರಿಡ್ಜ್ ಜೊತೆ ಸೇರಿ ಸುಮಾರು 27 ಲಕ್ಷ. ಇಲ್ಲಿಯವರೆಗಿನ ಯಾವ ಜೋಡಿಯೂ ಅಷ್ಟು ಕೊಟ್ಟಿರಲಿಲ್ಲ. ಚಿಕ್ಕ ಘಟಕಕ್ಕೆ ಪ್ರತಿ ಕಿಲೋವ್ಯಾಟಿನ ದರ ಕೊಂಚ ಹೆಚ್ಚು ಬೀಳುವುದುಂಟು. ಅದೇ ಹಣಕ್ಕೆ 22 ಕಿಲೋವ್ಯಾಟ್ ಮಾತ್ರ ಸಿಕ್ಕಿತೆಂದರೂ ಒಟ್ಟು ಗಳಿಕೆ 25.28 ಲಕ್ಷ, ಇನ್ನೂ ಮುಂದೆಯೇ. ಆದ್ದರಿಂದ 100 ಕಿಲೋವ್ಯಾಟಿಗೆ ಒಂದೇ ಕೊಟೇಶನ್ ತರಿಸಬೇಡಿ, 25ಕ್ಕೂ 50ಕ್ಕೂ ಬೇರೆ ಬೇರೆ ದರ ಬರೆಸಿಕೊಳ್ಳಿ, ಮುಂದೆ ಪ್ಯಾನೆಲ್ ಸೇರಿಸಲು ಚಾವಣಿಯಲ್ಲೂ ವೈರಿಂಗಿನಲ್ಲೂ ಜಾಗ ಬಿಡಲು ಹೇಳಿ. ಉಳಿದ 75 ಕಿಲೋವ್ಯಾಟ್ ಮುಂದಿನ ವರ್ಷದ ಬಜೆಟ್ಟಿಗೆ ಬರುವಾಗ ಮೊದಲ 25ರ ಒಂದು ವರ್ಷದ ಬಿಲ್ಲುಗಳು ಕೈಯಲ್ಲಿರುತ್ತವೆ, ಏಳೂವರೆ ಲಕ್ಷದ ಊಹೆಯ ಜಾಗದಲ್ಲಿ ಮೀಟರಿನ ಅಂಕಿ ಹಾಕಿ ಲೆಕ್ಕ ಮಾಡಬಹುದು.