ಸರಿಯುತ್ತರದಂತೆಯೇ ಕಾಣುವ ಮೂರು ಉತ್ತರಗಳು

ಪದವಿ ತರಗತಿಯ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಬರಬಹುದಾದ ಒಂದು ಪ್ರಶ್ನೆ. ಹಾಲಿನ ಡೈರಿಯ ಪ್ಯಾಕಿಂಗ್ ಯಂತ್ರ ಪ್ರತಿ ಪ್ಯಾಕೆಟ್ಟಿಗೆ ಸರಾಸರಿ 500 ಮಿ.ಲೀ. ಹಾಲು ತುಂಬಬೇಕು. ಒಂದರಲ್ಲಿ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ ಆಗುವುದು ಸಹಜ. ಆ ಏರುಪೇರಿನ ಮಾನಕ ವಿಚಲನೆ 8 ಮಿ.ಲೀ. ಎಂದು ಹಳೆಯ ದಾಖಲೆಗಳಿಂದ ಗೊತ್ತಿದೆ. ಮನಸ್ಸಿಗೆ ಬಂದಂತೆ ಆರಿಸದೆ, ಚೀಟಿ ಎತ್ತಿದ ಹಾಗೆ 64 ಪ್ಯಾಕೆಟ್ ತೆಗೆದು ಅಳೆದರೆ ಸರಾಸರಿ 498 ಮಿ.ಲೀ. ಬಂತು. 'ಯಂತ್ರದ ಸರಾಸರಿ 500' ಎಂಬ ಶೂನ್ಯ ಕಲ್ಪನೆಯನ್ನು ಪರೀಕ್ಷಿಸಿದಾಗ ಪಿ-ಮೌಲ್ಯ 0.046. ಇದರ ಅರ್ಥವೇನು?

ಎ) ಯಂತ್ರ ಸರಿಯಾಗಿರುವ ಸಂಭವ ಶೇ 4.6.
ಬಿ) ಯಂತ್ರ ಕೆಟ್ಟಿರುವ ಸಂಭವ ಶೇ 95.4.
ಸಿ) ಯಂತ್ರ ಸರಿಯಾಗಿದ್ದರೆ, 64 ಪ್ಯಾಕೆಟ್‌ಗಳ ಸರಾಸರಿ 500ರಿಂದ 2 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ದೂರ ಸರಿಯುವ ಸಂಭವ ಶೇ 4.6.
ಡಿ) ಇನ್ನೊಮ್ಮೆ ಅಳೆದರೆ ಇದೇ ತೀರ್ಮಾನಕ್ಕೆ ಬರುವ ಸಂಭವ ಶೇ 95.4.

ಉತ್ತರ ಸಿ. ಆದರೆ ಹೆಚ್ಚಿನವರ ಪೆನ್ನು ಎ ಅಥವಾ ಬಿ ಕಡೆಗೇ ವಾಲುತ್ತದೆ. ಅದಕ್ಕೆ ವಿದ್ಯಾರ್ಥಿಗಳನ್ನಷ್ಟೇ ದೂರುವಂತಿಲ್ಲ. ಹಾಲರ್ ಮತ್ತು ಕ್ರೌಸ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜರ್ಮನಿಯ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ ವಿಭಾಗಗಳಲ್ಲಿ ಅವರು ಪಿ-ಮೌಲ್ಯದ ಬಗ್ಗೆ ಆರು ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಎಂದು ಕೇಳಿದರು. ಆರೂ ತಪ್ಪು ಹೇಳಿಕೆಗಳೇ. ವಿದ್ಯಾರ್ಥಿಗಳೆಲ್ಲರೂ ಕನಿಷ್ಠ ಒಂದನ್ನಾದರೂ ಸರಿ ಎಂದರು. ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟರುಗಳಲ್ಲೇ ಶೇ 80ರಷ್ಟು ಮಂದಿ ಎಡವಿದರು.

ಪಿ-ಮೌಲ್ಯ ಹುಟ್ಟುವ ಬಗೆಯನ್ನು ನೋಡಿದರೆ ಗೊಂದಲದ ಮೂಲ ತಿಳಿಯುತ್ತದೆ. 64 ಪ್ಯಾಕೆಟ್‌ಗಳ ಸರಾಸರಿಯ ಮಾನಕ ದೋಷ ಎಂದರೆ 8ನ್ನು 64ರ ವರ್ಗಮೂಲದಿಂದ ಭಾಗಿಸಿದ್ದು, ಅಂದರೆ 1 ಮಿ.ಲೀ. ನಮಗೆ ಸಿಕ್ಕ 498, 500ರಿಂದ ಎರಡು ಮಾನಕ ದೋಷದಷ್ಟು ದೂರವಿದೆ. ಗಂಟೆಯಾಕಾರದ ವಕ್ರರೇಖೆಯ ಎರಡೂ ಬಾಲಗಳಲ್ಲಿ ಅಷ್ಟು ದೂರದ ಆಚೆ ಉಳಿಯುವ ಪಾಲು 0.046. ಈ ವಕ್ರರೇಖೆಯನ್ನು ನಾವು ಬರೆದದ್ದೇ 500ನ್ನು ನಡುವಿಗಿಟ್ಟು. ಯಂತ್ರ ಸರಿಯಿದೆ ಎಂದು ಮೊದಲೇ ಒಪ್ಪಿಕೊಂಡು ಹೊರಟ ಲೆಕ್ಕ, ಯಂತ್ರ ಸರಿಯಿರುವ ಸಂಭವ ಎಷ್ಟು ಎಂದು ಕೊನೆಯಲ್ಲಿ ಹೇಗೆ ತಾನೇ ಹೇಳೀತು? ಡೆಂಗಿ ಬಂದವರಲ್ಲಿ ಬಹುತೇಕ ಎಲ್ಲರಿಗೂ ಜ್ವರ ಇರುತ್ತದೆ. ಹಾಗೆಂದು ಜ್ವರ ಬಂದವರಿಗೆಲ್ಲ ಡೆಂಗಿ ಎನ್ನಲಾಗದು. ಎ ಮತ್ತು ಬಿ ಮಾಡುವುದು ಇದೇ ತಿರುಗುಮುರುಗನ್ನು.

ಈ ತಿರುಗುಮುರುಗಿನಿಂದ ಎಷ್ಟು ದೊಡ್ಡ ವ್ಯತ್ಯಾಸವಾದೀತು ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ. 1000 ಯಂತ್ರಗಳಿವೆ, ಅವುಗಳಲ್ಲಿ 100 ಮಾತ್ರ ನಿಜಕ್ಕೂ 2 ಮಿ.ಲೀ. ಕಡಿಮೆ ತುಂಬುತ್ತಿವೆ ಎಂದುಕೊಳ್ಳೋಣ. ಪ್ರತಿ ಯಂತ್ರದಿಂದ 64 ಪ್ಯಾಕೆಟ್ ಅಳೆದು, ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ 'ಕೆಟ್ಟಿದೆ' ಎಂದು ಬರೆದುಕೊಳ್ಳುತ್ತೇವೆ. ಸರಿಯಿರುವ 900ರಲ್ಲಿ ಶೇ 5, ಅಂದರೆ ಸುಮಾರು 45 ಯಂತ್ರಗಳು ಬರೀ ಆಕಸ್ಮಿಕದಿಂದ ಸಿಕ್ಕಿಬೀಳುತ್ತವೆ. ಕೆಟ್ಟ 100ರಲ್ಲಿ ಈ ಪರೀಕ್ಷೆಗೆ ಸಿಗುವುದು ಸುಮಾರು 52. ಒಟ್ಟು 97 ಯಂತ್ರಗಳ ಮೇಲೆ ದೂರು ಬಿತ್ತು, ಅದರಲ್ಲಿ 45 ನಿರಪರಾಧಿಗಳು! ಶೇ 5ರ ಗಡಿ ಇಟ್ಟುಕೊಂಡೂ ದೂರುಗಳಲ್ಲಿ ಅರ್ಧಕ್ಕೆ ಹತ್ತಿರ ಸುಳ್ಳು. ಕೆಟ್ಟ ಯಂತ್ರಗಳು ಮೊದಲೇ ಎಷ್ಟಿದ್ದವು ಎಂಬುದರ ಮೇಲೆ ಈ ಪಾಲು ಬದಲಾಗುತ್ತದೆ, ಮತ್ತು ಪಿ-ಮೌಲ್ಯಕ್ಕೆ ಆ ಸಂಗತಿ ಗೊತ್ತೇ ಇಲ್ಲ.

ಮೇಲಿನ 52 ಎಂಬ ಅಂಕಿಯೇ ಆಯ್ಕೆ ಡಿಯನ್ನೂ ಕೆಡವುತ್ತದೆ. ಯಂತ್ರದ ನಿಜವಾದ ಸರಾಸರಿ 498 ಎಂದೇ ಒಪ್ಪಿಕೊಂಡರೂ, ಇನ್ನೊಮ್ಮೆ 64 ಪ್ಯಾಕೆಟ್ ಅಳೆದಾಗ ಪಿ-ಮೌಲ್ಯ 0.05ರ ಕೆಳಗೆ ಬರುವ ಸಂಭವ ಶೇ 52ರಷ್ಟೇ. ಶೇ 95ರ ಮಾತು ಎಲ್ಲಿಂದ ಬಂತು!

ಪ್ರಶ್ನೆಪತ್ರಿಕೆಯಲ್ಲಿ ಇದರ ಬೆನ್ನಿಗೇ ಬರುವುದು ಕಾನ್ಫಿಡೆನ್ಸ್ ಇಂಟರ್ವಲ್. ನಮ್ಮ ಮಾದರಿಗೆ ಶೇ 95ರ ಇಂಟರ್ವಲ್ ಎಂದರೆ 498ರ ಎರಡೂ ಬದಿಗೆ 1.96 ಮಾನಕ ದೋಷ: 496.04ರಿಂದ 499.96. 'ಶೇ 95 ಪ್ಯಾಕೆಟ್‌ಗಳಲ್ಲಿ ಇಷ್ಟು ಹಾಲಿದೆ' ಎಂಬ ಆಯ್ಕೆ ಖಂಡಿತ ಇರುತ್ತದೆ. ಪ್ಯಾಕೆಟ್‌ಗಳ ಮಾನಕ ವಿಚಲನೆ 8 ಎಂಬುದನ್ನು ನೆನಪಿಟ್ಟವರು ಇದಕ್ಕೆ ಬಲಿಯಾಗುವುದಿಲ್ಲ. ನಾಲ್ಕು ಮಿ.ಲೀ. ಅಗಲವೂ ಇಲ್ಲದ ಈ ಕಿಂಡಿಯೊಳಗೆ ನೂರಕ್ಕೆ ಇಪ್ಪತ್ತು ಪ್ಯಾಕೆಟ್ ಕೂಡ ಬೀಳುವುದಿಲ್ಲ. ಇಂಟರ್ವಲ್ ಹೇಳುವುದು ಯಂತ್ರದ ಸರಾಸರಿಯ ಬಗ್ಗೆ, ಬಿಡಿ ಪ್ಯಾಕೆಟ್‌ಗಳ ಬಗ್ಗೆ ಅಲ್ಲ.

ನಿಜವಾಗಿ ಕಾಡುವ ಆಯ್ಕೆ ಇನ್ನೊಂದು: 'ಯಂತ್ರದ ಸರಾಸರಿ 496.04 ಮತ್ತು 499.96ರ ನಡುವೆ ಇರುವ ಸಂಭವ ಶೇ 95.' ಕೇಳಲು ಎಷ್ಟು ಸರಿಯಾಗಿದೆ! ಇಂಟರ್ವಲ್ಲಿನ ಸಿದ್ಧಾಂತವನ್ನು 1937ರಲ್ಲಿ ಮಂಡಿಸಿದ ಯೆರ್ಜಿ ನೇಮನ್ ಅವರ ಲೆಕ್ಕದಲ್ಲಿ ಇದು ತಪ್ಪು. ಯಂತ್ರದ ಸರಾಸರಿ ನಮಗೆ ಗೊತ್ತಿಲ್ಲದಿದ್ದರೂ ಅದು ಒಂದು ನಿಶ್ಚಿತ ಸಂಖ್ಯೆ, ಅತ್ತಿತ್ತ ಅಲ್ಲಾಡುವುದಿಲ್ಲ. ಮಾದರಿಯಿಂದ ಮಾದರಿಗೆ ಜಾಗ ಬದಲಿಸುವುದು ಇಂಟರ್ವಲ್. ಇಂದಿನ 64 ಪ್ಯಾಕೆಟ್‌ಗೆ ಒಂದು, ನಾಳೆಯ 64ಕ್ಕೆ ಇನ್ನೊಂದು. ಹೀಗೆ ಕಟ್ಟಿದ ನೂರಾರು ಇಂಟರ್ವಲ್‌ಗಳಲ್ಲಿ ಸುಮಾರು ಶೇ 95ರಷ್ಟು ಆ ನಿಜವಾದ ಸರಾಸರಿಯನ್ನು ಒಳಗೊಂಡಿರುತ್ತವೆ. ಶೇ 95 ಎಂಬುದು ವಿಧಾನಕ್ಕೆ ಸಿಕ್ಕ ಅಂಕ. ಕೈಯಲ್ಲಿರುವ ಈ ಒಂದು ಇಂಟರ್ವಲ್ ಸರಾಸರಿಯನ್ನು ಹಿಡಿದಿದೆ ಅಥವಾ ತಪ್ಪಿಸಿಕೊಂಡಿದೆ, ಅಷ್ಟೇ.

ಇದು ಕೂದಲು ಸೀಳುವ ವಾದ ಎನ್ನುವವರಿದ್ದಾರೆ, ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬೇಯೀಸ್ ಪಂಥದವರು ಮುಂಚಿನ ತಿಳಿವಳಿಕೆಯನ್ನೂ ಲೆಕ್ಕಕ್ಕೆ ಸೇರಿಸಿ, 'ಸರಾಸರಿ ಇಲ್ಲಿರುವ ಸಂಭವ ಇಷ್ಟು' ಎಂದು ನೇರವಾಗಿಯೇ ಹೇಳುತ್ತಾರೆ. ಆದರೆ ಆ ತಿಳಿವಳಿಕೆ ಏನೆಂದು ಪ್ರಶ್ನೆಯಲ್ಲಿ ಕೊಟ್ಟಿರಬೇಕು. ಕೊಡದಿದ್ದಾಗ 'ಇದೇ ವಿಧಾನವನ್ನು ಮತ್ತೆ ಮತ್ತೆ ಬಳಸಿದರೆ' ಎಂದು ಶುರುವಾಗುವ ಆಯ್ಕೆಯೇ ಸರಿ. ಪಠ್ಯಪುಸ್ತಕಗಳು 'ನಮಗೆ ಶೇ 95 ವಿಶ್ವಾಸವಿದೆ' ಎಂಬ ವಾಕ್ಯವನ್ನೂ ಒಪ್ಪುತ್ತವೆ, ಅದೇ ಮಾತಿನ ಸಂಕ್ಷಿಪ್ತ ರೂಪವೆಂದು. ಅದರ ಪಕ್ಕದಲ್ಲೇ 'ಸಂಭವ ಶೇ 95' ಎಂಬ ಆಯ್ಕೆಯನ್ನು ತಂದಿಡುವುದು ಪ್ರಶ್ನೆ ತೆಗೆಯುವವರ ಹಳೆಯ ತುಂಟತನ.

ಎರಡನ್ನೂ ಒಟ್ಟಿಗೆ ಕೇಳುವ ಪ್ರಶ್ನೆಗಳೂ ಇವೆ, ಅವಕ್ಕೆ ಲೆಕ್ಕ ಮಾಡಬೇಕಾಗಿಯೇ ಇಲ್ಲ. ಎರಡು ಬಾಲದ ಪರೀಕ್ಷೆಯಲ್ಲಿ ಪಿ-ಮೌಲ್ಯ 0.05ಕ್ಕಿಂತ ಕಡಿಮೆಯಿದ್ದರೆ ಅದೇ ಅಂಕಿ-ಅಂಶದ ಶೇ 95ರ ಇಂಟರ್ವಲ್ಲಿನಲ್ಲಿ ಶೂನ್ಯ ಕಲ್ಪನೆಯ ಸಂಖ್ಯೆ ಇರುವುದಿಲ್ಲ. ನಮ್ಮ 0.046 ಗಡಿಯನ್ನು ಕೂದಲೆಳೆಯಲ್ಲಿ ದಾಟಿದೆ. ಹಾಗೆಯೇ 500 ಕೂಡ 499.96ರ ಆಚೆ ಕೂದಲೆಳೆಯಷ್ಟು ದೂರದಲ್ಲಿದೆ. ಶೇ 99ರ ಇಂಟರ್ವಲ್ ಕೇಳಿದರೆ 0.046ನ್ನು 0.01ರ ಜೊತೆ ಹೋಲಿಸಿ ನೋಡಿದರಾಯಿತು: ದೊಡ್ಡದು, ಹಾಗಾಗಿ 500 ಒಳಗೇ ಇರಬೇಕು. ಇಂಟರ್ವಲ್ 495.42ರಿಂದ 500.58, ಹೌದು, ಒಳಗಿದೆ. ಆಗ 'ಯಂತ್ರ ಸರಿಯಿದೆ ಎಂದು ಸಾಬೀತಾಯಿತು' ಎಂಬ ಆಯ್ಕೆ ಎದುರಾಗುತ್ತದೆ. ಅದೂ ತಪ್ಪು, ಏಕೆಂದರೆ ಅದೇ ಇಂಟರ್ವಲ್ಲಿನೊಳಗೆ 496 ಕೂಡ ಇದೆ.