ಹದಿನಾರು ಪೈಲ್, ಮೇಲೆ ಎರಡು ಮೀಟರ್ ಮಣ್ಣು

ಕರಾವಳಿಯ ನದೀಮುಖಗಳ ಸುತ್ತ ಗದ್ದೆಗಳಿಗೆ ಮಣ್ಣು ತುಂಬಿಸಿ ಕಟ್ಟಡ ಏಳಿಸುವುದು ಈಗ ದಿನನಿತ್ಯದ ನೋಟ. ಗುಡ್ಡ ಕಡಿದ ಕೆಂಪು ಮಣ್ಣನ್ನು ಟಿಪ್ಪರುಗಳು ತಂದು ಸುರಿಯುತ್ತವೆ, ರೋಲರ್ ಓಡುತ್ತದೆ, ನಾಲ್ಕಾರು ವಾರಗಳಲ್ಲಿ ಜಾಗ ರಸ್ತೆಯ ಮಟ್ಟಕ್ಕೆ ಬರುತ್ತದೆ. ಆಮೇಲೆ ಪೈಲಿಂಗ್ ಯಂತ್ರ ಬರುತ್ತದೆ. ಕೆಳಗೆ ಮೆತ್ತನೆಯ ಜೇಡಿ ಇದೆ ಎಂಬುದು ಎಲ್ಲರಿಗೂ ಗೊತ್ತು. ಪೈಲ್ ಹಾಕುವುದೇ ಅದಕ್ಕಾಗಿ. ಆದರೆ ಆ ಜೇಡಿ ಪೈಲಿನ ಜೊತೆ ಎರಡು ಬೇರೆ ಬೇರೆ ಆಟ ಆಡುತ್ತದೆ. ಎರಡನ್ನೂ ಒಂದೇ ಉದಾಹರಣೆಯಿಂದ ಲೆಕ್ಕ ಹಾಕಿ ನೋಡಬಹುದು.

ಇಂಥ ಗದ್ದೆಯೊಂದರಲ್ಲಿ 20 ಮೀಟರ್ ಆಳದವರೆಗೂ ಜೇಡಿ, ಅದರಡಿ ಬಂಡೆ ಎಂದುಕೊಳ್ಳೋಣ. ಜೇಡಿಯ ಬಲ ಚದರ ಮೀಟರಿಗೆ 2 ಟನ್, ಅಂದರೆ ಹೆಬ್ಬೆರಳು ಒತ್ತಿದರೆ ಸಲೀಸಾಗಿ ಇಳಿಯುವಷ್ಟು ಮೆದು. ಕಟ್ಟಡದ ಒಂದು ಪಿಲ್ಲರ್ ಮೇಲೆ 200 ಟನ್ ಭಾರ ಬರಲಿದೆ. 40 ಸೆಂಟಿಮೀಟರ್ ದಪ್ಪದ, 12 ಮೀಟರ್ ಉದ್ದದ ಪೈಲುಗಳನ್ನು ಹಾಕಿ, ಅವುಗಳ ತಲೆಯನ್ನೆಲ್ಲ ಸೇರಿಸಿ ಒಂದು ಕಾಂಕ್ರೀಟ್ ಕ್ಯಾಪ್ ಕಟ್ಟಬೇಕು ಎಂಬುದು ಮೊದಲ ಯೋಜನೆ.

ಒಂದು ಪೈಲ್ ಎಷ್ಟು ಹೊರುತ್ತದೆ? ಜೇಡಿಗೆ ತಾಗಿರುವ ಅದರ ಮೈ ಸುಮಾರು 15 ಚದರ ಮೀಟರ್. ಪ್ರತಿ ಚದರ ಮೀಟರನ್ನೂ ಮಣ್ಣು 2 ಟನ್ ಬಲದಲ್ಲಿ ಹಿಡಿದುಕೊಳ್ಳುವುದರಿಂದ ಮೈಯ ಹಿಡಿತದಿಂದಲೇ 30 ಟನ್ ಸಿಗುತ್ತದೆ. ತುದಿಯ ಆಸರೆ ಎರಡು ಟನ್ನಿಗಿಂತ ತುಸು ಹೆಚ್ಚು, ಅಷ್ಟೆ. ಒಟ್ಟು 32 ಟನ್ ಚಿಲ್ಲರೆ. ಮೆತ್ತನೆಯ ಜೇಡಿಯಲ್ಲಿ ಪೈಲ್ ನಿಲ್ಲುವುದು ಕಾಲಿನ ಮೇಲಲ್ಲ, ಮೈಯ ಅಂಟಿನ ಮೇಲೆ.

2.8 ಮೀಟರ್ ಚೌಕದ ಕ್ಯಾಪಿನಡಿ ಮೂರು ಸಾಲಲ್ಲಿ ಒಂಬತ್ತು ಪೈಲ್ ಹಾಕಿದರೆ ಒಟ್ಟು 292 ಟನ್. ಎರಡೂವರೆ ಪಟ್ಟು ಭದ್ರತೆ ಬೇಕೆಂದರೆ 117 ಟನ್ ಮಾತ್ರ ಹೊರಿಸಬಹುದು. ಸಾಲದು. ಆಗ ಸುಲಭವಾಗಿ ಹೊಳೆಯುವ ಉಪಾಯವೆಂದರೆ ಅದೇ ಕ್ಯಾಪಿನಡಿ ಹದಿನಾರು ಪೈಲ್ ತುರುಕುವುದು. ಹದಿನಾರನ್ನು ಒಂದರ ಬಲದಿಂದ ಗುಣಿಸಿದರೆ 518 ಟನ್, ಭದ್ರತೆ ಕಳೆದು 207 ಟನ್. ಕಾಗದದ ಮೇಲೆ ಕೆಲಸ ಮುಗಿಯಿತು.

ಮಣ್ಣು ಮಾತ್ರ ಹಾಗೆ ಗುಣಿಸುವುದಿಲ್ಲ. ಹಿಡಿಸೂಡಿಯ ಒಂದೊಂದೇ ಕಡ್ಡಿಯನ್ನು ದೂರ ದೂರ ಕೆಸರಿಗೆ ಚುಚ್ಚಿದರೆ ಪ್ರತಿಯೊಂದನ್ನೂ ಕೆಸರು ಬೇರೆಯಾಗಿ ಹಿಡಿಯುತ್ತದೆ. ಕಟ್ಟನ್ನೇ ಚುಚ್ಚಿದರೆ ನಡುವೆ ಸಿಕ್ಕ ಕೆಸರು ಕಡ್ಡಿಗಳ ಜೊತೆಯೇ ಇಳಿಯುತ್ತದೆ. ಪೈಲುಗಳು ಹತ್ತಿರ ಬಂದಂತೆ ಇದೇ ಆಗುವುದು. ಹದಿನಾರು ಪೈಲ್ ಮತ್ತು ಅವುಗಳ ನಡುವಿನ ಜೇಡಿ ಸೇರಿ 2.8 ಮೀಟರ್ ಚೌಕದ, 12 ಮೀಟರ್ ಉದ್ದದ ಒಂದೇ ದಿಮ್ಮಿಯಾಗುತ್ತದೆ. ಆಗ ಹಿಡಿದು ನಿಲ್ಲಿಸುವುದು ದಿಮ್ಮಿಯ ಹೊರಗಿನ ನಾಲ್ಕು ಮುಖ ಮತ್ತು ಅದರ ತಳ ಮಾತ್ರ. ನಾಲ್ಕು ಮುಖಗಳಿಂದ 269 ಟನ್, ತಳದಿಂದ 141 ಟನ್, ಒಟ್ಟು 410. ಭಾರ ಇದಕ್ಕಿಂತ ಹೆಚ್ಚಾದರೆ ಯಾವ ಪೈಲೂ ಮಣ್ಣಿನಿಂದ ಜಾರುವುದಿಲ್ಲ. ದಿಮ್ಮಿಗೆ ದಿಮ್ಮಿಯೇ ಕುಸಿಯುತ್ತದೆ. ಇದಕ್ಕೆ ಬ್ಲಾಕ್ ಫೇಲ್ಯೂರ್ ಎನ್ನುತ್ತಾರೆ. 518 ಬರಬೇಕಾದಲ್ಲಿ 410 ಬಂದದ್ದರಿಂದ ಗುಂಪಿನ ದಕ್ಷತೆ ನೂರಕ್ಕೆ 79. ಸುರಕ್ಷಿತ ಭಾರ 207 ಅಲ್ಲ, 164 ಟನ್.

ಇನ್ನೂ ಹಟ ಹಿಡಿದು ಅದೇ ಜಾಗದಲ್ಲಿ ಇಪ್ಪತ್ತೈದು ಪೈಲ್ ಹಾಕಿದರೆ? ಗುಣಾಕಾರ 810 ಟನ್ ಎನ್ನುತ್ತದೆ. ದಿಮ್ಮಿಯ ಹೊರಮೈ ಒಂದಿಂಚೂ ಬೆಳೆದಿಲ್ಲವಾದ್ದರಿಂದ ನಿಜವಾದ ಬಲ ಅದೇ 410. ಹೆಚ್ಚಿನ ಒಂಬತ್ತು ಪೈಲುಗಳ ಸಿಮೆಂಟು, ಕಬ್ಬಿಣ ಕೆಸರಿಗೆ ಸಂದಾಯ.

ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಸ್ಟೇಷನ್ನಿನ ವಿಟೇಕರ್ ಪುಟ್ಟ ಮಾದರಿ ಪೈಲುಗಳನ್ನು ಜೇಡಿಯಲ್ಲಿ ಗುಂಪಾಗಿ ಇಳಿಸಿ ನಡೆಸಿದ ಪ್ರಯೋಗಗಳನ್ನು 1957ರಲ್ಲಿ ಪ್ರಕಟಿಸಿದರು. ಪೈಲುಗಳ ಅಂತರ ಕಿರಿದಾದಾಗ ಗುಂಪು ಒಟ್ಟಾಗಿ ಕುಸಿಯುವುದು ಅಲ್ಲಿ ಸ್ಪಷ್ಟವಾಗಿ ಕಂಡಿತು. ನಮ್ಮ ಐ.ಎಸ್. 2911 ಸಂಹಿತೆ ಮೈಯ ಹಿಡಿತದಿಂದ ನಿಲ್ಲುವ ಪೈಲುಗಳ ನಡುವೆ, ಕೇಂದ್ರದಿಂದ ಕೇಂದ್ರಕ್ಕೆ, ದಪ್ಪದ ಮೂರು ಪಟ್ಟು ಅಂತರ ಕೇಳುವುದು ಈ ಕಾರಣಕ್ಕೇ. ನಮ್ಮ ಹದಿನಾರನ್ನು 80 ಸೆಂಟಿಮೀಟರಿನ ಬದಲು 1.2 ಮೀಟರ್ ದೂರಕ್ಕೆ ಹರಡಿದರೆ ಕ್ಯಾಪ್ 4 ಮೀಟರ್ ಚೌಕವಾಗುತ್ತದೆ, ದಿಮ್ಮಿಯ ಬಲ 672 ಟನ್ನಿಗೆ ಏರುತ್ತದೆ. ಈಗ ದಿಮ್ಮಿ ಕುಸಿಯುವ ಮೊದಲು ಪೈಲುಗಳೇ ಒಂದೊಂದಾಗಿ ಜಾರಬೇಕು. ಹಾಗಾಗಿ ಪೂರ್ತಿ 518 ಟನ್ ದಕ್ಕುತ್ತದೆ. ಖರ್ಚಾದದ್ದು ಕ್ಯಾಪಿನ ಕಾಂಕ್ರೀಟ್ ಮಾತ್ರ.

ಕಾನ್ವರ್ಸ್-ಲಬಾರ್ ಎಂಬ ಹಳೆಯ ಸೂತ್ರವೊಂದು ಈಗಲೂ ಕೆಲವು ಲೆಕ್ಕದ ಹಾಳೆಗಳಲ್ಲಿ ಇಣುಕುತ್ತದೆ. ಅದಕ್ಕೆ ಬೇಕಾದದ್ದು ಪೈಲಿನ ದಪ್ಪ, ಅಂತರ ಮತ್ತು ಸಾಲುಗಳ ಸಂಖ್ಯೆ ಮಾತ್ರ. ಮಣ್ಣು ಜೇಡಿಯೋ ಮರಳೋ ಎಂದು ಅದು ಕೇಳುವುದೇ ಇಲ್ಲ. ನಮ್ಮ ಇಕ್ಕಟ್ಟಿನ ಹದಿನಾರಕ್ಕೆ ಅದು ಕೊಡುವ ದಕ್ಷತೆ ನೂರಕ್ಕೆ 56. ಮಣ್ಣನ್ನೇ ವಿಚಾರಿಸದ ಸೂತ್ರದಿಂದ ಪಾಯದ ಭವಿಷ್ಯ ಕೇಳುವುದು ನನಗಂತೂ ಹಿಡಿಸದ ಕೆಲಸ.

ಇನ್ನೊಂದು ಮೋಸ ಲೋಡ್ ಟೆಸ್ಟಿನದು. ಒಂದೇ ಪೈಲಿನ ಮೇಲೆ ಭಾರ ಹೇರಿ, ಕೆಲವೇ ಮಿಲಿಮೀಟರ್ ಇಳಿಯಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಒಂಟಿ ಪೈಲಿನ ಒತ್ತಡ ಅದರ ಸುತ್ತಲಿನ ಸ್ವಲ್ಪ ಮಣ್ಣಿಗಷ್ಟೇ ತಟ್ಟುತ್ತದೆ. ಹದಿನಾರು ಸೇರಿದರೆ ಒತ್ತಡ ಇನ್ನೂ ಆಳದ ಜೇಡಿಯವರೆಗೆ ಇಳಿದು ಅಲ್ಲಿನ ನೀರನ್ನು ವರ್ಷಗಟ್ಟಲೆ ಹಿಂಡುತ್ತದೆ. ಪರೀಕ್ಷೆಯಲ್ಲಿ ಮಿಲಿಮೀಟರ್ ತೋರಿಸಿದ ಪೈಲುಗಳ ಗುಂಪು ಹತ್ತಾರು ಸೆಂಟಿಮೀಟರ್ ಇಳಿಯಬಹುದು. ನಮ್ಮ ಗದ್ದೆಯಲ್ಲಿ ಪೈಲಿನ ತುದಿಯಿಂದ ಬಂಡೆಯವರೆಗೆ ಇನ್ನೂ 8 ಮೀಟರ್ ಜೇಡಿ ಉಳಿದಿದೆಯಲ್ಲ. ಆದ್ದರಿಂದ ಎಂಜಿನಿಯರ್ ಯೋಜನೆ ಬದಲಿಸಿ, ಬಂಡೆಗೇ ಊರುವ 20 ಮೀಟರಿನ ನಾಲ್ಕು ಪೈಲ್ ಸಾಕು ಎಂದು ನಿರ್ಧರಿಸುತ್ತಾರೆ. ತಲಾ 50 ಟನ್. ಆ ದಪ್ಪದ ಎಂ-25 ಕಾಂಕ್ರೀಟ್ ಸುಮಾರು 75 ಟನ್ ಒತ್ತಡವನ್ನು ನೆಮ್ಮದಿಯಾಗಿ ತಡೆಯುತ್ತದೆ.

ಇಲ್ಲಿ ಆ ಎರಡು ಮೀಟರ್ ಕೆಂಪು ಮಣ್ಣು ಕಥೆಯೊಳಗೆ ಬರುತ್ತದೆ. ಅದು ಜೇಡಿಯ ಮೇಲೆ ಚದರ ಮೀಟರಿಗೆ 3.6 ಟನ್ ಹೊಸ ಭಾರ. ಜೇಡಿಯೊಳಗಿನ ನೀರು ಮೆಲ್ಲಗೆ ಹೊರಬಿದ್ದು ನೆಲ ಅರ್ಧದಿಂದ ಒಂದು ಮೀಟರಿನವರೆಗೂ ಕುಗ್ಗಬಹುದು. ಅದಕ್ಕೆ ಹಲವು ವರ್ಷ, ಕೆಲವೊಮ್ಮೆ ದಶಕಗಳೇ ಬೇಕು. ರೋಲರ್ ಹೊಡೆದು ಗಟ್ಟಿ ಮಾಡಿದ್ದೇವೆ ಎಂಬ ಉತ್ತರ ಸೈಟಿನಲ್ಲಿ ತಪ್ಪದೆ ಸಿಗುತ್ತದೆ. ರೋಲರ್ ಗಟ್ಟಿ ಮಾಡಿದ್ದು ತುಂಬಿಸಿದ ಮಣ್ಣನ್ನು, ಕೆಳಗಿನ ಜೇಡಿಯನ್ನಲ್ಲ.

ಬಂಡೆಯ ಮೇಲೆ ನಿಂತ ಪೈಲ್ ಇಳಿಯುವುದಿಲ್ಲ, ಸುತ್ತಲಿನ ಜೇಡಿ ಇಳಿಯುತ್ತಿದೆ. ಮೊದಲು ಪೈಲನ್ನು ಮೇಲಕ್ಕೆ ಹಿಡಿದಿದ್ದ ಅದೇ ಅಂಟು ಈಗ ಅದನ್ನು ಕೆಳಕ್ಕೆ ಜಗ್ಗುತ್ತದೆ. ನೆಗೆಟಿವ್ ಸ್ಕಿನ್ ಫ್ರಿಕ್ಷನ್ ಎಂದರೆ ಇದೇ. ಮಣ್ಣು ಮೀಟರುಗಟ್ಟಲೆ ಇಳಿಯಬೇಕಾಗಿಲ್ಲ. ಪೈಲಿಗಿಂತ ಒಂದು ಸೆಂಟಿಮೀಟರಿನಷ್ಟು ಹೆಚ್ಚು ಇಳಿದರೂ ಪೂರ್ತಿ ಜಗ್ಗಾಟ ಶುರು. 20 ಮೀಟರ್ ಮೈಗೆ ಲೆಕ್ಕ ಹಾಕಿದರೆ ಒಂದು ಪೈಲಿಗೆ 50 ಟನ್. ಕಟ್ಟಡದ್ದು 50, ಮಣ್ಣಿನದು 50. ಕಾಂಕ್ರೀಟಿಗೆ ನಾವು ಹಾಕಿದ್ದ ಮಿತಿ 75.

ಇದು ಬರೀ ಕಾಗದದ ಭಯವಲ್ಲ. ನಾರ್ವೆಯ ಯೊಹಾನ್ನೆಸ್ಸೆನ್ ಮತ್ತು ಬ್ಯೆರ್ರುಮ್ ಓಸ್ಲೊ ಬಂದರಿನಲ್ಲಿ ಜೇಡಿಯನ್ನು ತೂರಿ ಬಂಡೆ ಮುಟ್ಟಿದ ಉಕ್ಕಿನ ಪೈಲೊಂದನ್ನು ಅಳೆದು 1965ರಲ್ಲಿ ವರದಿ ಮಾಡಿದರು. ಪೈಲಿನ ಮೇಲೆ ಯಾವ ಕಟ್ಟಡವೂ ಇರಲಿಲ್ಲ. ಸುತ್ತ ಸುಮಾರು 10 ಮೀಟರ್ ಎತ್ತರಕ್ಕೆ ಮಣ್ಣು ತುಂಬಿಸಲಾಗಿತ್ತು, ಅಷ್ಟೆ. ಪೈಲಿನೊಳಗೆ ಇಳಿಬಿಟ್ಟ ಸಲಾಕೆಗಳಿಂದ ನೋಡಿದಾಗ, ಇಳಿಯುತ್ತಿದ್ದ ಜೇಡಿ ಅದನ್ನು ಒಂದು ಸೆಂಟಿಮೀಟರಿಗೂ ಹೆಚ್ಚು ಮೋಟಾಗಿಸಿತ್ತು. ಉಕ್ಕು ಅಷ್ಟು ಕುಗ್ಗಬೇಕಾದರೆ ಜಗ್ಗಾಟ ನೂರಾರು ಟನ್ನಿನದೇ ಆಗಿರಬೇಕು.

ಪೈಲ್ ಬಂಡೆಯ ಬದಲು ಗಟ್ಟಿ ಮಣ್ಣಿನ ಮೇಲೆ ನಿಂತಿದ್ದರೆ ಅದೂ ಸ್ವಲ್ಪ ಇಳಿಯುತ್ತದೆ. ಆಗ ಒಂದು ಆಳದವರೆಗೆ ಮಣ್ಣು ಪೈಲನ್ನು ಜಗ್ಗುತ್ತದೆ, ಅದರ ಕೆಳಗೆ ಎತ್ತಿ ಹಿಡಿಯುತ್ತದೆ. ಎರಡೂ ಒಂದೇ ವೇಗದಲ್ಲಿ ಇಳಿಯುವ ಆ ಮಟ್ಟದಲ್ಲಿ ಪೈಲಿನೊಳಗಿನ ಒತ್ತಡ ಅತಿ ಹೆಚ್ಚು. ತುದಿ ಗಟ್ಟಿಯಾದಷ್ಟೂ ಈ ಮಟ್ಟ ಕೆಳಕ್ಕೆ ಸರಿಯುತ್ತದೆ. ಬಂಡೆಯಿದ್ದರೆ ಬಹುತೇಕ ತುದಿಯವರೆಗೂ. ಹಾಗಾಗಿ ಬಂಡೆ ಮುಟ್ಟಿದ ಪೈಲಿಗೆ ಅಪಾಯ ಕುಸಿತದ್ದಲ್ಲ, ಕಾಂಕ್ರೀಟ್ ಜಜ್ಜಿಹೋಗುವುದರದ್ದು. ತೇಲುವ ಪೈಲಿಗೆ ಜಗ್ಗಾಟ ತಂದೊಡ್ಡುವುದು ಮುಖ್ಯವಾಗಿ ಇಳಿತವನ್ನು. ನಮ್ಮಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಪೈಲಿನ ಬಲದಿಂದ ಜಗ್ಗಾಟವನ್ನು ಕಳೆದುಬಿಡುವ ರೂಢಿಯಿದೆ. ಸುರಕ್ಷಿತವೇನೋ ಹೌದು, ಆದರೆ ತೊಂದರೆ ಎಲ್ಲಿದೆ ಎಂಬುದನ್ನು ಅದು ಮರೆಸುತ್ತದೆ.

ಮೊದಲು ಕೆಡುಕು ಮಾಡಿದ ಗುಂಪು ಇಲ್ಲಿ ಕಾಪಾಡುವುದೂ ಉಂಟು. ನೂರು ಪೈಲುಗಳ ದೊಡ್ಡ ಗುಂಪಿನ ನಡುವಿನ ಪೈಲನ್ನು ಜಗ್ಗಲು ಅದರ ಪಾಲಿಗೆ ಬರುವ ಮಣ್ಣಿನ ಭಾರಕ್ಕಿಂತ ಹೆಚ್ಚಿನ ಬಲ ಎಲ್ಲಿಂದ ಬರಬೇಕು? 1.2 ಮೀಟರ್ ಅಂತರದಲ್ಲಿ ಆ ಪಾಲು 5 ಟನ್ ಮಾತ್ರ ಎಂದು ಟರ್ಜಾಗಿ ತೋರಿಸಿಕೊಟ್ಟ ದಾರಿಯಲ್ಲಿ ಲೆಕ್ಕ ಸಿಗುತ್ತದೆ. ಮೂಲೆಯ ಪೈಲ್ ಮಾತ್ರ 50ರ ಹತ್ತಿರದ ಜಗ್ಗಾಟ ಅನುಭವಿಸುತ್ತದೆ. ನಮ್ಮ ನಾಲ್ಕು ಪೈಲುಗಳಲ್ಲಿ ನಾಲ್ಕೂ ಮೂಲೆಯವೇ.

ಕಣ್ಣಿಗೆ ಕಾಣುವ ಗುರುತುಗಳಿವೆ. ಪಿಲ್ಲರುಗಳು ಹಾಗೇ ನಿಂತಿದ್ದು ನೆಲಹಾಸು ತಗ್ಗುತ್ತದೆ. ಬಾಗಿಲ ಮೆಟ್ಟಿಲು ಕಟ್ಟಡದಿಂದ ಕಳಚಿಕೊಂಡು ಕೆಳಗೆ ಹೋಗುತ್ತದೆ, ಚರಂಡಿ ಪೈಪು ಗೋಡೆ ದಾಟುವಲ್ಲಿ ಮುರಿಯುತ್ತದೆ, ಪ್ಲಿಂತ್ ಬೀಮಿನ ಅಡಿಯಲ್ಲಿ ಕೈ ತೂರುವಷ್ಟು ಸಂದು ಬೀಳುತ್ತದೆ. ಇವನ್ನು ಕಂಡವರು ಕಟ್ಟಡ ಕುಸಿಯುತ್ತಿದೆ ಎಂದು ಗಾಬರಿಯಾಗುತ್ತಾರೆ. ಕುಸಿಯುತ್ತಿರುವುದು ನೆಲ. ಆದರೆ ಅದು ಪೈಲುಗಳನ್ನು ಜಗ್ಗುತ್ತಲೇ ಕುಸಿಯುತ್ತಿದೆ.

ಉಕ್ಕಿನ ಅಥವಾ ಮೊದಲೇ ಎರಕ ಹೊಯ್ದ ಪೈಲುಗಳಿಗೆ ಡಾಂಬರು ಬಳಿಯುವುದು ಒಂದು ಮದ್ದು. ನಾರ್ವೆಯವರ ಮುಂದಿನ ಪ್ರಯೋಗಗಳಲ್ಲಿ ಇದರಿಂದ ಜಗ್ಗಾಟ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಕೊರೆದು ಅಲ್ಲೇ ಕಾಂಕ್ರೀಟ್ ತುಂಬುವ ನಮ್ಮೂರ ಪೈಲಿಗೆ ಡಾಂಬರು ಹಚ್ಚಲು ಮೈಯೇ ಸಿಗದು. ಹಾಗಾಗಿ ಪೈಲಿನ ಸಂಖ್ಯೆಯನ್ನೋ ದಪ್ಪವನ್ನೋ ಹೆಚ್ಚಿಸಬೇಕು: ನಮ್ಮ ಪಿಲ್ಲರಿಗೆ ನಾಲ್ಕರ ಬದಲು ಒಂಬತ್ತು ಹಾಕಿದರೆ ತಲಾ 22 ಟನ್ ಭಾರ, ಮೇಲೆ 50 ಜಗ್ಗಾಟ, ಮಿತಿಯೊಳಗೆ ಬರುತ್ತದೆ. ಇಲ್ಲವೇ ಮಣ್ಣನ್ನು ಮೊದಲೇ ತುಂಬಿ, ಜೇಡಿಗೆ ನೀರಿಳಿಯುವ ಡ್ರೈನುಗಳನ್ನು ಒತ್ತೊತ್ತಾಗಿ ಚುಚ್ಚಿ, ಮೇಲೆ ತಾತ್ಕಾಲಿಕವಾಗಿ ಇನ್ನಷ್ಟು ಮಣ್ಣು ಹೇರಿ ಕಾಯಬೇಕು. ತುಂಬಿಸುವ ಮೊದಲೇ ಹಳೆಯ ನೆಲದ ಮೇಲೆ ಕಬ್ಬಿಣದ ತಟ್ಟೆಯಿಟ್ಟು ಅದಕ್ಕೊಂದು ಸಲಾಕೆ ನಿಲ್ಲಿಸಿದರೆ, ಅದರ ತುದಿಯ ಮಟ್ಟವನ್ನು ವಾರಕ್ಕೊಮ್ಮೆ ಅಳೆಯಬಹುದು. ಡ್ರೈನ್ ಇದ್ದರೆ ವರ್ಷಗಳ ಕಾಯುವಿಕೆ ತಿಂಗಳುಗಳಿಗೆ ಇಳಿಯುತ್ತದೆ. ಆ ಅಳತೆಯ ಗೆರೆ ಹೆಚ್ಚುಕಡಿಮೆ ಅಡ್ಡವಾದ ಮೇಲೆ ಪೈಲಿಂಗ್ ಯಂತ್ರವನ್ನು ಕರೆಸಬಹುದು.