ತರಕಾರಿ ಡಬ್ಬದಡಿ ನಿಲ್ಲುವ ನೀರು

ಮೇಲೆ ಫ್ರೀಜರ್, ಕೆಳಗೆ ಫ್ರಿಜ್ ಇರುವ ಡಬಲ್ ಡೋರ್ ಫ್ರಾಸ್ಟ್ ಫ್ರೀ ಯಂತ್ರ ತನ್ನೊಳಗಿನ ಹಿಮವನ್ನು ಆಗಾಗ ತಾನೇ ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿದ ನೀರು ಹೊರಹೋಗುವ ಪೈಪು ಕಟ್ಟಿಕೊಂಡಾಗ, ಅದೇ ನೀರು ದಾರಿ ತಪ್ಪಿ ತರಕಾರಿ ಡಬ್ಬದ ಅಡಿಯಲ್ಲಿ ಬಂದು ನಿಲ್ಲುತ್ತದೆ. ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿದರೆ ಮರುದಿನವೋ ಅದರ ಮರುದಿನವೋ ಮತ್ತೆ ಅಷ್ಟೇ ನೀರು.

ಫ್ರಾಸ್ಟ್ ಫ್ರೀ ಯಂತ್ರದಲ್ಲಿ ತಂಪು ಹುಟ್ಟುವುದು ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಗೋಡೆಯ ಮರೆಯಲ್ಲಿರುವ ಕಾಯಿಲ್‌ನಲ್ಲಿ. ಒಂದು ಫ್ಯಾನು ಆ ತಂಪು ಗಾಳಿಯನ್ನು ಫ್ರೀಜರಿಗೂ, ಒಂದು ಗಾಳಿಕೊಳವೆಯ ಮೂಲಕ ಕೆಳಗಿನ ಫ್ರಿಜ್ಜಿಗೂ ತಳ್ಳುತ್ತದೆ. ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ಗಾಳಿಯ ತೇವ, ಸೊಪ್ಪು-ಸಾರಿನಿಂದ ಏಳುವ ತೇವ ಎಲ್ಲವೂ ಆ ಕಾಯಿಲ್ ಮೇಲೆ ಬಿಳಿ ಹಿಮವಾಗಿ ಕೂರುತ್ತವೆ. ಕಂಪ್ರೆಸರ್ ಸುಮಾರು ಎಂಟರಿಂದ ಹನ್ನೆರಡು ಗಂಟೆ ಓಡಿದ ಮೇಲೆ ಅದನ್ನು ನಿಲ್ಲಿಸಿ, ಕಾಯಿಲ್ ಬಳಿಯ ಹೀಟರನ್ನು ಸ್ವಲ್ಪ ಹೊತ್ತು ಉರಿಸುವ ವ್ಯವಸ್ಥೆ ಹಳೆಯ ಯಂತ್ರಗಳಲ್ಲಿದೆ. ಹೊಸವುಗಳಲ್ಲಿ ಆ ಹೊತ್ತನ್ನು ಸರ್ಕ್ಯೂಟ್ ಬೋರ್ಡು ತೀರ್ಮಾನಿಸುತ್ತದೆ. ಹಿಮ ಕರಗಿ ಕಾಯಿಲ್ ಕೆಳಗಿನ ದೋಣಿಗೆ ತೊಟ್ಟಿಕ್ಕುತ್ತದೆ. ದೋಣಿಯ ತಳದ ತೂತಿನಿಂದ ಹೊರಟ ಪೈಪು ಹಿಂಗೋಡೆಯ ಒಳಗಿಂದಲೇ ಇಳಿದು, ಹಿಂಬದಿಯಲ್ಲಿ ಕಂಪ್ರೆಸರ್ ಹತ್ತಿರವಿರುವ ಟ್ರೇಗೆ ನೀರು ಬಿಡುತ್ತದೆ. ಕಂಪ್ರೆಸರಿನ ಬಿಸಿಗೆ ಅದು ಆವಿಯಾಗುತ್ತದೆ. ಎಲ್ಲ ಸರಿಯಿದ್ದರೆ ಹೀಗೊಂದು ನೀರು ಇದೆ ಎಂಬುದೇ ಮನೆಯವರಿಗೆ ಗೊತ್ತಾಗುವುದಿಲ್ಲ.

ಪೈಪಿನ ಕೆಳತುದಿಯಲ್ಲಿ ಹಲವು ಮಾದರಿಗಳಲ್ಲಿ ಸೀಳಿರುವ ಪುಟ್ಟ ರಬ್ಬರ್ ಬಾಯಿ ಇರುತ್ತದೆ. ನೀರು ಹೊರಹೋಗಲು ಬಿಟ್ಟು, ಹೊರಗಿನ ಬಿಸಿ ಗಾಳಿ ಮೇಲೇರದಂತೆ ತಡೆಯುವುದು ಅದರ ಕೆಲಸ. ತೊಂದರೆ ಶುರುವಾಗುವುದು ಬಹಳಷ್ಟು ಸಲ ಇಲ್ಲಿಂದಲೇ. ಧೂಳು, ಆಹಾರದ ಚೂರು, ನೀರಿನಲ್ಲಿ ಬೆಳೆಯುವ ಕಪ್ಪು ಲೋಳೆ ಸೇರಿ ಆ ಸೀಳನ್ನು ಅಂಟಿಸಿಬಿಡುತ್ತವೆ. ನೀರು ಪೈಪಿನಲ್ಲೇ ನಿಂತು ಮೇಲೇರುತ್ತದೆ, ಮೇಲಿನ ತೂತಿನ ಬಳಿ ಫ್ರೀಜರಿನ ಚಳಿಗೆ ಐಸಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಡಿಫ್ರಾಸ್ಟಿನ ನೀರೂ ದೋಣಿಯಿಂದ ಉಕ್ಕಿ ಫ್ರೀಜರಿನ ತಳದಲ್ಲಿ ಹಾಳೆಯಂತೆ ಹೆಪ್ಪುಗಟ್ಟುತ್ತದೆ, ಉಳಿದದ್ದು ಗಾಳಿಕೊಳವೆಯ ಮೂಲಕ ಫ್ರಿಜ್ಜಿನ ಹಿಂಗೋಡೆಗಿಳಿದು ತಳ ಸೇರುತ್ತದೆ. ಕರಾವಳಿಯಲ್ಲಿ ಮಳೆಗಾಲದ ಗಾಳಿಯೇ ತೇವ ತುಂಬಿದ್ದು. ಬಾಗಿಲು ತೆರೆದಷ್ಟೂ ಹಿಮ ಹೆಚ್ಚು, ನೀರೂ ಹೆಚ್ಚು. ಬೇಸಿಗೆಯಲ್ಲಿ ಹೇಗೋ ನಡೆದುಹೋಗುತ್ತಿದ್ದ ಅರೆಗಟ್ಟಿದ ಪೈಪು ಆಗ ಕೈಕೊಡುತ್ತದೆ.

ಮಂಗಳೂರಿನ ಒಂದು ಮನೆಯಲ್ಲಿ ಜುಲೈ ತಿಂಗಳಲ್ಲಿ ಹೀಗಾಯಿತು ಎಂದಿಟ್ಟುಕೊಳ್ಳಬಹುದು. ತರಕಾರಿ ಡಬ್ಬದಡಿ ದಿನಕ್ಕೊಂದು ಲೋಟದಷ್ಟು ನೀರು. ಫ್ರೀಜರಿನ ತಳದಲ್ಲಿ ಬೆರಳು ದಪ್ಪದ ಐಸು, ಅದಕ್ಕೆ ಅಂಟಿಕೊಂಡ ಹಾಲಿನ ಪ್ಯಾಕೆಟ್ಟು. ಹಿಂಬದಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿದರೆ ಕಂಪ್ರೆಸರ್ ಬಳಿಯ ಟ್ರೇ ಒಣಗಿದೆ. ಮಳೆಗಾಲದಲ್ಲಿ ಆ ಟ್ರೇಯಲ್ಲಿ ಒಂದಿಷ್ಟು ನೀರು ಇರಲೇಬೇಕು. ಒಣಗಿದ ಟ್ರೇ ಮತ್ತು ಒಳಗಿನ ಐಸು ಒಟ್ಟಿಗೆ ಕಂಡರೆ ಪೈಪು ಕಟ್ಟಿದೆ ಎಂದು ಹೆಚ್ಚುಕಡಿಮೆ ಖಚಿತ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಲಕ್ಷಣ ಬೇರೆ: ಗೋಡೆ, ಶೆಲ್ಫುಗಳ ಮೇಲೆಲ್ಲ ಹನಿಗಳು ಕೂತಿರುತ್ತವೆ. ಟ್ರೇ ಬಿರುಕು ಬಿಟ್ಟಿದ್ದರೆ ನೀರು ಕಾಣುವುದು ಅಡುಗೆಮನೆಯ ನೆಲದ ಮೇಲೆ.

ಬಿಡಿಸುವ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಪುರುಸೊತ್ತು. ಮೊದಲು ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಕು ಎಂದುಕೊಳ್ಳುವುದು ನೀರಿನ ಜೊತೆಗಿನ ಕೆಲಸದಲ್ಲಿ ಒಳ್ಳೆಯದಲ್ಲ. ಒಳಗಿನದನ್ನೆಲ್ಲ ತೆಗೆದು, ಎರಡೂ ಬಾಗಿಲು ತೆರೆದಿಟ್ಟು, ಫ್ರೀಜರಿನ ತಳದಲ್ಲೂ ನೆಲದ ಮೇಲೂ ಹಳೆಯ ಟವೆಲು ಹಾಸಿ ರಾತ್ರಿಯಿಡೀ ಬಿಡುವುದು ಸುರಕ್ಷಿತ. ಅವಸರವಿದ್ದರೆ ಫ್ರೀಜರಿನೊಳಗೆ ಬಿಸಿನೀರಿನ ಪಾತ್ರೆಯಿಟ್ಟು, ತಣ್ಣಗಾದಂತೆ ಬದಲಿಸಬಹುದು. ಚಾಕು, ಸ್ಕ್ರೂಡ್ರೈವರಿನಿಂದ ಐಸು ಕೆತ್ತಬಾರದು. ಅನಿಲ ಹರಿಯುವ ಅಲ್ಯೂಮಿನಿಯಂ ಕೊಳವೆಗೆ ಮೊನೆ ತಾಗಿ ತೂತಾದರೆ, ಖರ್ಚಿಲ್ಲದೆ ಮುಗಿಯಬಹುದಾಗಿದ್ದ ಕೆಲಸಕ್ಕೆ ಸಾವಿರಗಟ್ಟಲೆ ತೆರಬೇಕಾಗುತ್ತದೆ.

ಬೆಳಿಗ್ಗೆ ಐಸು ಕರಗಿರುತ್ತದೆ, ಆದರೆ ಕೆಳಗಿನ ಲೋಳೆ ಹಾಗೇ ಇರುತ್ತದೆ. ಹಲವರು ಇಲ್ಲಿಗೇ ಕೆಲಸ ಮುಗಿಯಿತೆಂದು ಪ್ಲಗ್ ಹಾಕುತ್ತಾರೆ, ಕೆಲವು ದಿನದಲ್ಲಿ ನೀರು ಮರಳಿ ಬರುತ್ತದೆ. ಆದ್ದರಿಂದ ಯಂತ್ರವನ್ನು ಗೋಡೆಯಿಂದ ಸರಿಸಿ, ಟ್ರೇಯ ಮೇಲೆ ಬಾಯಿಟ್ಟಿರುವ ಪೈಪಿನ ತುದಿಯನ್ನು ಹುಡುಕಬೇಕು. ಕೆಲವು ಮಾದರಿಗಳಲ್ಲಿ ಅದರ ಮುಂದೆ ಸ್ಕ್ರೂ ಹಾಕಿದ ತೆಳು ಮುಚ್ಚಳವಿರುತ್ತದೆ. ರಬ್ಬರ್ ಬಾಯಿ ಕೈಯಿಂದ ಎಳೆದರೆ ಬರುವಂತಿದ್ದರೆ ತೆಗೆದು, ಸೀಳಿನೊಳಗೆ ಬೆರಳಾಡಿಸಿ ಸೋಪುನೀರಿನಲ್ಲಿ ತೊಳೆಯಬೇಕು. ನಂತರ ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ, ಕೈ ತಾಳುವಷ್ಟು ಬಿಸಿಯಾದ ನೀರು ತುಂಬಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಒತ್ತಬೇಕು. ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿದರೆ ಲೋಳೆ ಬೇಗ ಬಿಡುತ್ತದೆ. ಕುದಿಯುವ ನೀರು ಪ್ಲಾಸ್ಟಿಕ್ಕನ್ನು ಸೊಟ್ಟಗಾಗಿಸುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡಂತೂ ಲೋಹವನ್ನೇ ತಿನ್ನುವುದರಿಂದ ಅದನ್ನು ಹತ್ತಿರ ತರಲೇಬಾರದು. ಇನ್ನೂ ಬಿಡದಿದ್ದರೆ ಮೊನೆಯಿಲ್ಲದ, ಬಾಗುವ ನೈಲಾನ್ ಎಳೆಯನ್ನು ಒಳಗೆ ತೂರಿಸಬಹುದು. ಒತ್ತಾಯ ಮಾಡಿದರೆ ಗೋಡೆಯೊಳಗೆ ಪೈಪಿನ ಜೋಡಣೆ ಕಳಚುವ ಭಯವಿದೆ, ಹಾಗೆ ಕಳಚಿದರೆ ಮತ್ತೆ ಕೈ ಹಾಕಲು ಅಲ್ಲಿ ಜಾಗವೇ ಇಲ್ಲ.

ಪರೀಕ್ಷೆ ಸುಲಭ. ದೋಣಿಯ ತೂತು ಕಾಣುವಂತಿದ್ದರೆ ಅದಕ್ಕೆ ಅರ್ಧ ಲೋಟ ನೀರು ನಿಧಾನವಾಗಿ ಹೊಯ್ದು, ಹಿಂದಿನ ಟ್ರೇಗೆ ಅಷ್ಟೂ ಇಳಿಯುತ್ತದೆಯೇ ನೋಡುವುದು. ಹೆಚ್ಚು ಹೊಯ್ದರೆ ಟ್ರೇ ತುಂಬಿ ನೆಲಕ್ಕೆ ಹರಿಯುತ್ತದೆ. ತೂತು ಕಾಣದಿದ್ದರೆ ಹಿಂಗೋಡೆಯ ಫಲಕ ಬಿಚ್ಚಬೇಕಾಗುತ್ತದೆ. ಅದರ ಹಿಂದೆ ಚೂಪಾದ ಅಲ್ಯೂಮಿನಿಯಂ ಅಂಚುಗಳು, ಫ್ಯಾನಿನ ವೈರು ಇರುತ್ತವೆ. ವಾರಂಟಿ ಉಳಿದಿರುವ ಯಂತ್ರದಲ್ಲಿ ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಮೇಲು. ಫಲಕ ಬಿಚ್ಚದವರು ಒಂದೆರಡು ದಿನ ಕಾದು ಟ್ರೇಯಲ್ಲಿ ನೀರು ಬಂತೇ ಎಂದು ನೋಡಿಯೇ ತಿಳಿಯಬಹುದು.

ಒಂದು ಬಾಗಿಲಿನ, ಗುಂಡಿ ಒತ್ತಿ ಹಿಮ ಕರಗಿಸುವ ಯಂತ್ರಗಳಲ್ಲಿ ಕೆಲವಕ್ಕೆ ನೀರಿನ ತೂತು ಫ್ರಿಜ್ಜಿನ ಹಿಂಗೋಡೆಯಲ್ಲಿ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ಕೊತ್ತಂಬರಿ ಎಲೆ ಸಿಕ್ಕಿಕೊಂಡರೆ ಬೆರಳಿನಲ್ಲಿ ತೆಗೆದು ಒಂದು ಸಿರಿಂಜು ನೀರು ಬಿಟ್ಟರೆ ಮುಗಿಯಿತು.

ರಬ್ಬರ್ ಬಾಯಿ ಶುಚಿಯಾಗಿದ್ದೂ, ಪೈಪಿನಲ್ಲಿ ನೀರು ಸರಾಗವಾಗಿ ಹರಿದೂ, ಕೆಲವು ವಾರಗಳಲ್ಲೇ ಐಸು ಮತ್ತೆ ಕಟ್ಟಿದರೆ ಕಾರಣ ಮೇಲಿನ ತೂತಿನ ಬಳಿ ಇರುತ್ತದೆ. ಆ ತೂತು ಸದಾ ಫ್ರೀಜರಿನ ಚಳಿಯಲ್ಲಿರುವುದರಿಂದ, ಹೀಟರಿನ ಬಿಸಿಯನ್ನು ಅಲ್ಲಿಗೆ ಒಯ್ಯಲು ಕೆಲವು ತಯಾರಕರು ಒಂದು ಲೋಹದ ಪಟ್ಟಿಯನ್ನು ಹೀಟರಿನಿಂದ ತೂತಿನೊಳಗೆ ಇಳಿಬಿಟ್ಟಿರುತ್ತಾರೆ. ಅದು ಉದುರಿಹೋಗಿದ್ದರೆ ಮೆಕ್ಯಾನಿಕ್ ಹೊಸದನ್ನು ಸಿಕ್ಕಿಸುತ್ತಾನೆ. ಕಾಯಿಲ್ ಪೂರ್ತಿ ಹಿಮದಲ್ಲಿ ಮುಳುಗಿ ಕೆಳಗಿನ ಫ್ರಿಜ್ಜಿಗೆ ತಂಪೇ ಬರುತ್ತಿಲ್ಲವಾದರೆ ಅನುಮಾನ ಹೀಟರ್, ಸೆನ್ಸರ್ ಅಥವಾ ಬೋರ್ಡಿನ ಮೇಲೆ ಹೋಗಬೇಕು. ಆಗ ಪೈಪು ಎಷ್ಟು ತೊಳೆದರೂ ಫಲವಿಲ್ಲ, ಮೀಟರ್ ಹಿಡಿದು ಆ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗುತ್ತದೆ.